ಪದಚರ್ಚೆ: ‘ಶೇ 90ಕ್ಕೆ ಇಳಿಸಿ’ಯೋ, ‘ಶೇ 90ರಷ್ಟು ಇಳಿಸಿ’ಯೋ? ನಿವೃತ್ತ ಪಾಲುದಾರನ ಲೆಕ್ಕದಲ್ಲಿ 8,000 ವ್ಯತ್ಯಾಸ

ಕರಡುತಿದ್ದುಗ:

ಎಲ್ಲರಿಗೂ ನಮಸ್ಕಾರ. ಲೆಕ್ಕಶಾಸ್ತ್ರದ ಅಭ್ಯಾಸ ಪುಸ್ತಕವೊಂದರ ಕನ್ನಡ ಕರಡು ನನ್ನ ಮುಂದಿದೆ. ಭಾಷೆಯನ್ನಷ್ಟೇ ನೋಡುವುದು ನನ್ನ ಕೆಲಸ. ಆದರೂ ಉತ್ತರ ಕೂಡಿಬರುತ್ತದೆಯೇ ಎಂದು ಒಂದು ಲೆಕ್ಕ ಮಾಡಿ ನೋಡಿದೆ, ಬರಲಿಲ್ಲ.

ಅ, ಬ, ಕ ಎಂಬ ಮೂವರು ಪಾಲುದಾರರು 3:2:1ರಲ್ಲಿ ಲಾಭ ಹಂಚಿಕೊಳ್ಳುತ್ತಾರೆ. ‘ಬ’ ನಿವೃತ್ತನಾಗುತ್ತಾನೆ. ಅವನ ಬಂಡವಾಳ 80,000. ಸಾಮಾನ್ಯ ಮೀಸಲು ನಿಧಿ 18,000. ಮುಂದಿನದು ಕರಡಿನಲ್ಲಿರುವಂತೆಯೇ:

“ಗುಡ್‌ವಿಲ್ಲನ್ನು ಸರಾಸರಿ ಲಾಭ 27,000ದ ಎರಡು ವರ್ಷಗಳ ಖರೀದಿಯಂತೆ ಲೆಕ್ಕ ಹಾಕಿ. 1,00,000ದ ಕಟ್ಟಡವನ್ನು 1,24,000ಕ್ಕೆ ಏರಿಸಿ. 30,000ದ ದಾಸ್ತಾನನ್ನು ಶೇ 90ರಷ್ಟು ಇಳಿಸಿ. ಸಂಶಯಾಸ್ಪದ ಸಾಲಗಳ ನಿಧಿಯನ್ನು 2,000ದಿಂದ 5,000ಕ್ಕೆ ಏರಿಸಿ. ‘ಬ’ನಿಗೆ ಸಲ್ಲಬೇಕಾದ ಮೊತ್ತವೆಷ್ಟು?”

ನನಗೆ ಬಂದದ್ದು 1,02,000. ಪುಸ್ತಕದ ಕೊನೆಯಲ್ಲಿರುವ ಉತ್ತರ 1,10,000. ತಪ್ಪು ಲೆಕ್ಕದಲ್ಲಿದೆಯೋ ವಾಕ್ಯದಲ್ಲಿದೆಯೋ? ಜೊತೆಗೆ, ‘ಎರಡು ವರ್ಷಗಳ ಖರೀದಿ’ ಎಂದರೆ ಯಾರು ಏನನ್ನು ಖರೀದಿಸಿದರು?

ವಾಣಿಜ್ಯ ವಿದ್ಯಾರ್ಥಿ:

ಎರಡೂ ತಪ್ಪು ಎನಿಸುತ್ತದೆ ಸರ್. ‘ಬ’ ಹೊರಟ ಮೇಲೆ ಉಳಿಯುವವರು ಅ ಮತ್ತು ಕ, ಅವರ ಅನುಪಾತ 3:1. ಗುಡ್‌ವಿಲ್ 54,000, ಅದರಲ್ಲಿ ‘ಬ’ನ ಪಾಲು 18,000. ಇದನ್ನು ಇವರಿಬ್ಬರೂ ತಮ್ಮ ಗಳಿಕೆಯ ಅನುಪಾತದಲ್ಲಿ ಹೊರಬೇಕು: ಅ 13,500, ಕ 4,500. ಕಟ್ಟಡ, ದಾಸ್ತಾನು ಇವೂ ಇನ್ನು ಅವರದೇ ಆದ್ದರಿಂದ ಪುನರ್ಮೌಲ್ಯೀಕರಣದ ಲಾಭವೂ 3:1ರಲ್ಲಿ ಅವರಿಗೇ ಸೇರಬೇಕು. ಆಗ ‘ಬ’ನಿಗೆ ಬಂಡವಾಳ 80,000, ಮೀಸಲಿನಲ್ಲಿ 6,000, ಗುಡ್‌ವಿಲ್ 18,000, ಒಟ್ಟು 1,04,000.

ಲೆಕ್ಕದ ಮೇಷ್ಟ್ರು:

ಮೊದಲ ಅರ್ಧ ಸರಿ, ಎರಡನೆಯದು ಸರಿಯಲ್ಲ. ಗುಡ್‌ವಿಲ್ಲಿನಲ್ಲಿ ‘ಬ’ ಬಿಟ್ಟುಕೊಡುವ ಪಾಲು ಮುಂದೆ ಬರುವ ಲಾಭದ ಪಾಲು. ಅದನ್ನು ಯಾರು ಪಡೆಯುತ್ತಾರೋ ಅವರೇ ಬೆಲೆ ತೆರಬೇಕು, ಆದ್ದರಿಂದ ಅಲ್ಲಿ 3:1. ಕಟ್ಟಡದ ಬೆಲೆ ಏರಿದ್ದು ಹಾಗಲ್ಲ, ಮೂವರೂ ಜೊತೆಗಿದ್ದಾಗಲೇ ಏರಿದೆ, ಪುಸ್ತಕದಲ್ಲಿ ಬರೆದಿರಲಿಲ್ಲ, ಅಷ್ಟೇ. ಅದನ್ನು 3:2:1ರಲ್ಲಿಯೇ ಹಂಚಬೇಕು. ಹಾಗೆ ಮಾಡದಿದ್ದರೆ ‘ಬ’ ಇದ್ದಾಗ ಆದ ಏರಿಕೆಯನ್ನು ಉಳಿದವರು ಪುಕ್ಕಟೆಯಾಗಿ ಪಡೆದಂತಾಗುತ್ತದೆ. ಇಳಿಕೆಯಾಗಿದ್ದರೂ ಇದೇ ನಿಯಮ, ನಷ್ಟದಲ್ಲಿ ‘ಬ’ನೂ ತನ್ನ ಪಾಲು ಹೊತ್ತೇ ಹೋಗಬೇಕು.

ಈಗ ಕರಡುತಿದ್ದುಗರ ಪ್ರಶ್ನೆ. ಇಂಥ ಕಡೆ ನಾನು ಹಿಂದಿನಿಂದ ನಡೆಯುತ್ತೇನೆ. ಎರಡು ಉತ್ತರಗಳ ನಡುವಿನ ಅಂತರ 8,000. ‘ಬ’ನ ಪಾಲು ಮೂರರಲ್ಲಿ ಒಂದು. ಹಾಗಾದರೆ ಮೂವರಿಗೂ ಸೇರಿ ತಪ್ಪಿರುವ ಮೊತ್ತ 24,000. ಇಷ್ಟು ದೊಡ್ಡ ಅಂತರ ಎಲ್ಲಿಂದ ಬರಬಹುದು? ಕಟ್ಟಡದ ಏರಿಕೆಯೂ 24,000ವೇ ಆಗಿರುವುದರಿಂದ ಅದನ್ನು ಬಿಟ್ಟಿರಬಹುದು ಎಂದು ಮೊದಲು ಅನುಮಾನ ಬರುತ್ತದೆ. ಆದರೆ ಅದನ್ನು ನೀವು ಬಿಟ್ಟಿಲ್ಲ. ದಾಸ್ತಾನು ನೋಡಿ. ಶೇ 90ರಷ್ಟು ಇಳಿಸಿದರೆ ಇಳಿಕೆ 27,000, ಉಳಿಯುವುದು 3,000. ಶೇ 90ಕ್ಕೆ ಇಳಿಸಿದರೆ ಇಳಿಕೆ 3,000, ಉಳಿಯುವುದು 27,000. ವ್ಯತ್ಯಾಸ ಸರಿಯಾಗಿ 24,000.

ಲೇಖಕರ ಮನಸ್ಸಿನಲ್ಲಿದ್ದುದು ಎರಡನೆಯದು. ಕಟ್ಟಡದಲ್ಲಿ 24,000 ಲಾಭ, ದಾಸ್ತಾನಿನಲ್ಲಿ 3,000 ನಷ್ಟ, ನಿಧಿಗೆ ಹೆಚ್ಚುವರಿಯಾಗಿ 3,000. ಉಳಿಯುವುದು 18,000 ಲಾಭ, ‘ಬ’ನಿಗೆ 6,000. ಬಂಡವಾಳ 80,000, ಮೀಸಲು 6,000, ಗುಡ್‌ವಿಲ್ 18,000, ಇದು 6,000. ಒಟ್ಟು 1,10,000. ನಿಮ್ಮ ವಾಕ್ಯದ ಪ್ರಕಾರ ಹೋದರೆ ಲಾಭದ ಬದಲು 6,000 ನಷ್ಟ ಬರುತ್ತದೆ, ಅದರಲ್ಲಿ ‘ಬ’ನ ಪಾಲು 2,000 ಕಳೆದು 1,02,000. ನೀವು ವಾಕ್ಯವನ್ನು ಸರಿಯಾಗಿಯೇ ಓದಿದ್ದೀರಿ, ವಾಕ್ಯ ತಪ್ಪು.

ವ್ಯಾಕರಣಪ್ರಿಯೆ:

ಮೇಷ್ಟ್ರೇ, ಇದು ವಿಭಕ್ತಿಯ ಪ್ರಶ್ನೆ. ನೀರು ಹತ್ತು ಅಡಿಗೆ ಇಳಿಯಿತು ಎಂದರೆ ಉಳಿದದ್ದು ಹತ್ತು ಅಡಿ. ಹತ್ತು ಅಡಿಯಷ್ಟು ಇಳಿಯಿತು ಎಂದರೆ ಹೋದದ್ದು ಹತ್ತು ಅಡಿ. ಚತುರ್ಥಿ ಬಂದು ಸೇರುವ ತಾಣವನ್ನು ಹೇಳುತ್ತದೆ, ‘ಅಷ್ಟು’ ಚಲನೆಯ ಅಳತೆಯನ್ನು ಹೇಳುತ್ತದೆ. ಇದೇ ಕರಡಿನಲ್ಲಿ ಕಟ್ಟಡಕ್ಕೂ ನಿಧಿಗೂ ‘ಕ್ಕೆ’ ಸರಿಯಾಗಿ ಬಿದ್ದಿದೆ, ಶೇಕಡಾ ಬಂದ ಕೂಡಲೇ ಕೈ ತಪ್ಪಿದೆ. ‘ಶೇ’ ಕಂಡರೆ ‘ರಷ್ಟು’ ತಾನಾಗಿ ಬಂದು ಕೂರುವ ಅಭ್ಯಾಸ ಪತ್ರಿಕೆಗಳಿಂದ ಬಂದದ್ದು. ನಿಧಿಯ ವಾಕ್ಯದಲ್ಲಿ ‘2,000ದಿಂದ’ ಎಂದೂ ಬರೆದಿದ್ದಾರೆ, ಅಲ್ಲಿ ಯಾರೂ ಎಡವುವುದಿಲ್ಲ.

ಹಳೆ ಪಾಲುದಾರ:

ನನ್ನದೊಂದು ಅನುಭವ. ನಾನು ಪಾಲುದಾರಿಕೆಯಿಂದ ಹೊರಬಂದಾಗ ಗುಡ್‌ವಿಲ್ ಕೇಳಿದೆ. ಅದು ಅಢಾವೆ ಪತ್ರಿಕೆಯಲ್ಲಿ ಆಗಲೇ ಇದೆ, ಮತ್ತೆ ಕೊಡುವಂತಿಲ್ಲ ಎಂದರು. ಕರಾರುಪತ್ರದಲ್ಲಿ ‘ಪುಸ್ತಕ ಮೌಲ್ಯದಂತೆ’ ಎಂಬ ಮಾತಿತ್ತು. ಹಣವನ್ನೂ ಒಮ್ಮೆಗೇ ಕೊಡದೆ ಸಾಲದ ಖಾತೆಗೆ ವರ್ಗಾಯಿಸಿ ಕಂತುಗಳಲ್ಲಿ ಕೊಟ್ಟರು. ಇಲ್ಲಿ ‘ಸಲ್ಲಬೇಕಾದ ಮೊತ್ತ’ ಎಂದರೆ ಕೈಗೆ ಬರುವ ಹಣವೇ?

ಲೆಕ್ಕದ ಮೇಷ್ಟ್ರು:

ಅಲ್ಲ ಸ್ವಾಮಿ, ಇಲ್ಲಿ ಕೇಳಿರುವುದು ಹಕ್ಕಿನ ಮೊತ್ತ. ಅದನ್ನು ನಗದಾಗಿ ಕೊಡುತ್ತಾರೋ ಸಾಲದ ಖಾತೆಗೆ ಹಾಕುತ್ತಾರೋ ಎಂಬುದು ಅನಂತರದ ಮಾತು. ಆದರೆ ಗುಡ್‌ವಿಲ್ಲಿನ ಬಗ್ಗೆ ನಿಮಗೆ ಹೇಳಿದ್ದು ಪೂರ್ತಿ ಒಪ್ಪುವಂಥದ್ದಲ್ಲ. ಈ ಲೆಕ್ಕದಲ್ಲಿ ಅಢಾವೆ ಪತ್ರಿಕೆಯ ಆಸ್ತಿಯ ಬದಿಯಲ್ಲಿ ಗುಡ್‌ವಿಲ್ 12,000 ಎಂದು ಇತ್ತು ಎಂದುಕೊಳ್ಳಿ. ಮೊದಲು ಆ ಹಳೆಯದನ್ನು ಮೂವರೂ 3:2:1ರಲ್ಲಿ ಅಳಿಸಿಹಾಕಬೇಕು. ‘ಬ’ನ ಖಾತೆಯಿಂದ 4,000 ಹೋಗುತ್ತದೆ. ಅನಂತರ ಹೊಸ ಬೆಲೆಯಲ್ಲಿ 18,000 ಜಮೆಯಾಗುತ್ತದೆ. ನಿವ್ವಳ 14,000, ಅಂದರೆ ಗುಡ್‌ವಿಲ್ 12,000ದಿಂದ 54,000ಕ್ಕೆ ಏರಿದ 42,000ದಲ್ಲಿ ಮೂರನೆಯ ಒಂದು ಪಾಲು. ಸಲ್ಲಬೇಕಾದದ್ದು 1,06,000. ಈ 4,000ವನ್ನು ಕಳೆಯಲು ಮರೆಯುವುದೇ ವಿದ್ಯಾರ್ಥಿಗಳ ಮಾಮೂಲಿ ತಪ್ಪು. ನಿಮ್ಮವರು ಮಾಡಿದ್ದು ಅದರ ತಿರುಗು: ಹಳೆಯ ಅಂಕಿಯನ್ನು ತೋರಿಸಿ ಏರಿಕೆಯನ್ನೇ ಬಿಟ್ಟರು.

ಹಳೆ ಪಾಲುದಾರ:

ಆದರೆ ‘ಪುಸ್ತಕ ಮೌಲ್ಯ’ ಎಂದು ನಾನೇ ಸಹಿ ಹಾಕಿದ್ದೆನಲ್ಲ?

ಲೆಕ್ಕದ ಮೇಷ್ಟ್ರು:

ಕರಾರು ಬೇರೆ ಹೇಳಿದ್ದರೆ ಮೊದಲು ಕರಾರು. ನಾನು ಹೇಳಿದ್ದು ಕರಾರು ಸುಮ್ಮನಿದ್ದಾಗಿನ ಪದ್ಧತಿ. ಆ ಮಾತು ಗುಡ್‌ವಿಲ್ಲಿಗೂ ಅನ್ವಯಿಸುತ್ತದೆಯೋ, ಉಳಿದ ಆಸ್ತಿಗಳಿಗೆ ಮಾತ್ರವೋ ಎಂಬುದನ್ನು ಇಡೀ ಕರಾರುಪತ್ರ ಓದಿದ ವಕೀಲರೇ ಹೇಳಬೇಕು.

ಕರಡುತಿದ್ದುಗ:

ಧನ್ಯವಾದ. ‘ಶೇ 90ಕ್ಕೆ ಇಳಿಸಿ’ ಎಂದು ತಿದ್ದುತ್ತೇನೆ. ಖರೀದಿಯ ವಿಷಯ?

ವಾಣಿಜ್ಯ ವಿದ್ಯಾರ್ಥಿ:

‘ಶೇ 10ರಷ್ಟು ಇಳಿಸಿ’ ಎಂದರೆ ಇನ್ನೂ ಸುಲಭವಲ್ಲವೇ?

ವ್ಯಾಕರಣಪ್ರಿಯೆ:

ಮೂಲದಲ್ಲಿ 90 ಇದ್ದರೆ 90 ಇರಲಿ. ‘ಪುಸ್ತಕ ಬೆಲೆಯ ಶೇ 90ಕ್ಕೆ’ ಎಂದು ಒಂದು ಪದ ಸೇರಿಸಿದರೆ ಸಾಕು. ಖರೀದಿಯನ್ನು ತೆಗೆದು ‘ಸರಾಸರಿ ಲಾಭದ ಎರಡು ಪಟ್ಟು’ ಎನ್ನಿ.

ಲೆಕ್ಕದ ಮೇಷ್ಟ್ರು:

ಅದು ಬೇಡ. ಉಳಿಯುವವರು ಎರಡು ವರ್ಷಗಳ ಲಾಭಕ್ಕೆ ಸಮನಾದ ಬೆಲೆ ಕೊಟ್ಟು ಕೊಳ್ಳುತ್ತಾರೆ ಎಂಬುದೇ ಆ ಮಾತಿನ ಹುರುಳು, ‘ಪಟ್ಟು’ ಅದನ್ನು ಹೇಳುವುದಿಲ್ಲ. ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿಯೂ ‘ಖರೀದಿ’ ಎಂದೇ ಬರುತ್ತದೆ.

ವ್ಯಾಕರಣಪ್ರಿಯೆ:

ಪ್ರಶ್ನೆಪತ್ರಿಕೆಯಲ್ಲಿ ಬಂದದ್ದೆಲ್ಲ ಕನ್ನಡವಾಗುವುದಾದರೆ ಕರಡು ತಿದ್ದುವವರು ಏಕೆ ಬೇಕು? ನನ್ನ ಮತ ‘ಪಟ್ಟು’ವಿಗೇ.