ಶುಗರ್ ಇಳಿದವರಿಗೆ ಗಡ್ಡೆಯ ಸೂಜಿ ಯಾಕೆ ಕೊಟ್ಟರು?

ಶ್ರೀಪಾದ, ಕುಮಟಾ: ಡಾಕ್ಟ್ರೇ, ಅಪ್ಪಯ್ಯನಿಗೆ 74 ವರ್ಷ. ಏಕಾದಶಿ ಅಂತ ಊಟ ಬಿಟ್ಟರು, ಶುಗರಿನ ಗ್ಲಿಬೆನ್‌ಕ್ಲಮೈಡ್ ಮಾತ್ರೆ ಮಾತ್ರ ಬಿಡಲಿಲ್ಲ. ಮರುದಿನ ಬೆಳಗ್ಗೆ ಆಯಿ ಎಬ್ಬಿಸಿದರೆ ಮೈಯೆಲ್ಲ ಬೆವರು, ಮಾತು ತೊದಲು. ಶುಗರ್ 34. ಆಸ್ಪತ್ರೆಯಲ್ಲಿ ಗ್ಲುಕೋಸ್ ಕೊಟ್ಟರು, 186 ಆಯ್ತು. ಒಂದೂವರೆ ತಾಸಿಗೆ 52. ಮತ್ತೆ ಕೊಟ್ಟರು, 170. ಮತ್ತೆ 48. ಆಮೇಲೆ ಆಕ್ಟ್ರಿಯೋಟೈಡ್ ಅಂತ ಚರ್ಮದ ಕೆಳಗೆ ಒಂದು ಸೂಜಿ ಕೊಟ್ಟರು, ಮತ್ತೆ ಇಳಿಯಲಿಲ್ಲ. ಗೂಗಲ್‌ನಲ್ಲಿ ನೋಡಿದರೆ ಅದು ಗಡ್ಡೆಗೆ ಕೊಡುವ ಔಷಧ. ಅಪ್ಪಯ್ಯನಿಗೆ ಗಡ್ಡೆ ಇದೆಯಾ? ಕಿಡ್ನಿ ಟೆಸ್ಟಿನಲ್ಲಿ ಕ್ರಿಯಾಟಿನಿನ್ 2.1.

ಡಾಕ್ಟರ್: ನೀವು ಬರೆದಿದ್ದರಲ್ಲಿ ಗಡ್ಡೆಯ ಸುಳಿವು ನನಗೆ ಕಾಣುವುದಿಲ್ಲ. ಮಾತ್ರೆ, ಉಪವಾಸ, ಸೋತ ಕಿಡ್ನಿ, ಈ ಮೂರೇ ಸಾಕು. ಆ ಸೂಜಿ ಕೊಟ್ಟವರು ಸರಿಯಾಗಿ ಯೋಚಿಸಿದ್ದಾರೆ.

ಮೇದೋಜೀರಕ ಗ್ರಂಥಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಪುಗಳಿವೆ. 1869ರಲ್ಲಿ ಬರ್ಲಿನ್‌ನ ವಿದ್ಯಾರ್ಥಿ ಲ್ಯಾಂಗರ್‌ಹ್ಯಾನ್ಸ್ ಮೊದಲು ನೋಡಿದ್ದು. ಹಾಗಾಗಿ ಲ್ಯಾಂಗರ್‌ಹ್ಯಾನ್ಸ್ ದ್ವೀಪ ಅಂತ ಹೆಸರು. ಒಂದೊಂದು ದ್ವೀಪದಲ್ಲೂ ಬೀಟಾ ಕೋಶ ಇನ್ಸುಲಿನ್ ಬಿಡುತ್ತದೆ, ಆಲ್ಫಾ ಕೋಶ ಶುಗರ್ ಏರಿಸುವ ಗ್ಲುಕಗಾನ್ ಬಿಡುತ್ತದೆ. ಇವುಗಳ ನಡುವೆ ಡೆಲ್ಟಾ ಕೋಶ. ನೂರರಲ್ಲಿ ಐದೋ ಹತ್ತೋ ಅಷ್ಟೇ, ಆದರೆ ಮೈಯಿಂದ ಉದ್ದ ಎಳೆ ಚಾಚಿ ಅಕ್ಕಪಕ್ಕದ ಕೋಶಗಳನ್ನು ಮುಟ್ಟಿಕೊಂಡಿರುತ್ತದೆ. ಅದು ಬಿಡುವುದು ಸೊಮ್ಯಾಟೊಸ್ಟಾಟಿನ್. ಅದರ ಕೆಲಸ ಇಬ್ಬರಿಗೂ "ಸಾಕು, ನಿಲ್ಲಿಸು" ಅನ್ನುವುದು. ರಕ್ತಕ್ಕೆ ಸೇರಿದರೆ ಕೆಲವೇ ನಿಮಿಷದಲ್ಲಿ ಹಾಳಾಗುತ್ತದೆ. ಬೇಲಿಯಾಚೆಯ ಮನೆಯವರಿಗೆ ಕೂಗಿ ಹೇಳಿದ ಹಾಗೆ, ಪೇಟೆಗೆ ಕೇಳುವುದಿಲ್ಲ.

ಈಗ ನಿಮ್ಮ ಅಪ್ಪಯ್ಯನ ಬೀಟಾ ಕೋಶಕ್ಕೆ ಏನಾಯ್ತು ನೋಡಿ. ಸಾಮಾನ್ಯವಾಗಿ ಶುಗರ್ ಏರಿದಾಗ ಮಾತ್ರ ಕೋಶದ ಪೊಟ್ಯಾಸಿಯಂ ಬಾಗಿಲು ಮುಚ್ಚುತ್ತದೆ, ಆಗ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಇನ್ಸುಲಿನ್ ಹೊರಗೆ ಬರುತ್ತದೆ. ಗ್ಲಿಬೆನ್‌ಕ್ಲಮೈಡ್ ಶುಗರ್ ಎಷ್ಟಿದೆ ಅಂತ ಕೇಳದೆ ಆ ಬಾಗಿಲನ್ನು ಮುಚ್ಚುತ್ತದೆ. ಕಿಡ್ನಿ ಸೋತಿದ್ದರೆ ಮಾತ್ರೆ ಮತ್ತು ಅದು ಒಡೆದು ಆದ ಚೂರುಗಳು ಮೈಯಿಂದ ಬೇಗ ಹೋಗುವುದಿಲ್ಲ, ಆ ಚೂರುಗಳಿಗೂ ಕೆಲಸ ಮಾಡುವ ಶಕ್ತಿ ಇದೆ. ಇಂಥ ಹೊತ್ತಿಗೆ ಗ್ಲುಕೋಸ್ ಕೊಡಲೇಬೇಕು, ಇಲ್ಲದಿದ್ದರೆ ಮಿದುಳಿಗೆ ಅಪಾಯ. ಆದರೆ ಅದೇ ಗ್ಲುಕೋಸ್ ಬೀಟಾ ಕೋಶಕ್ಕೆ ಇನ್ನೊಂದು ಏಟು ಕೊಡುತ್ತದೆ, ಇನ್ನಷ್ಟು ಇನ್ಸುಲಿನ್ ಬರುತ್ತದೆ. 186 ಆಗಿದ್ದು 52ಕ್ಕೆ, 170 ಆಗಿದ್ದು 48ಕ್ಕೆ ಬಿದ್ದದ್ದು ಹೀಗೆ.

ಆಕ್ಟ್ರಿಯೋಟೈಡ್ ಅಂದರೆ ಬೇಗ ಹಾಳಾಗದ ಹಾಗೆ ಮಾಡಿದ ಸೊಮ್ಯಾಟೊಸ್ಟಾಟಿನ್. ಅದು ಮಾತ್ರೆ ಮುಚ್ಚಿದ ಬಾಗಿಲನ್ನು ಮುಟ್ಟುವುದಿಲ್ಲ. ಬೇರೆಯೇ ಒಂದು ಪೊಟ್ಯಾಸಿಯಂ ಬಾಗಿಲು ತೆರೆದು ಕ್ಯಾಲ್ಸಿಯಂ ಬರುವುದನ್ನು ತಡೆಯುತ್ತದೆ. ಇನ್ಸುಲಿನ್ ತುಂಬಿದ ಚೀಲಗಳು ಹೊರಗೆ ಬರುವುದನ್ನೂ ಹಿಡಿಯುತ್ತದೆ. ಮಾತ್ರೆ ಮೈಯಲ್ಲಿ ಇದ್ದರೂ ಕೆಲಸ ಮಾಡುವುದು ಇದಕ್ಕೇ. ಸಾಮಾನ್ಯವಾಗಿ 50 ಮೈಕ್ರೋಗ್ರಾಂ, ಆರು ತಾಸಿಗೊಮ್ಮೆ. ಸೂಜಿಯ ಶಕ್ತಿ ಮುಗಿದಾಗ ಮಾತ್ರೆ ಇನ್ನೂ ಉಳಿದಿದ್ದರೆ ಶುಗರ್ ಮತ್ತೆ ಇಳಿಯಬಹುದು, ಹಾಗಾಗಿ ಕೊನೆಯ ಸೂಜಿಯ ನಂತರವೂ ಒಂದು ದಿನ ಬೆರಳು ಚುಚ್ಚಿ ನೋಡುತ್ತಾ ಇರಬೇಕು. ಎಷ್ಟು ಹೊತ್ತಿಗೆ ಡಿಸ್ಚಾರ್ಜ್ ಮಾಡಿದರು?

ಮಂಜುನಾಥ, ಯಲ್ಲಾಪುರ: ನಾನು ಮೆಡಿಕಲ್ ಶಾಪ್ ಇಟ್ಟವನು. ಆಕ್ಟ್ರಿಯೋಟೈಡ್ ಗ್ರೋತ್ ಹಾರ್ಮೋನ್ ಕಡಿಮೆ ಮಾಡುತ್ತದೆ, ಅದು ಕಡಿಮೆಯಾದರೆ ಶುಗರ್ ಇನ್ನೂ ಇಳಿಯಬೇಕಲ್ವಾ? ಗ್ಲುಕಗಾನ್ ಸೂಜಿ ಕೊಡಬಹುದಿತ್ತು.

ಡಾಕ್ಟರ್: ಗ್ರೋತ್ ಹಾರ್ಮೋನ್ ಮಾತು ನಿಜ, 1973ರಲ್ಲಿ ಸೊಮ್ಯಾಟೊಸ್ಟಾಟಿನ್ ಸಿಕ್ಕಿದ್ದೇ ಆ ಗುಣದಿಂದ. ಆದರೆ ಇಲ್ಲಿ ಇನ್ಸುಲಿನ್ ನಿಲ್ಲಿಸುವುದೇ ಮುಖ್ಯ. ಗ್ಲುಕಗಾನ್ ಬಗ್ಗೆ ಒಂದು ಮಾತು. ದ್ವೀಪದೊಳಗೆ ಆಲ್ಫಾದ ಗ್ಲುಕಗಾನ್ ಪಕ್ಕದ ಬೀಟಾವನ್ನು ಚುರುಕು ಮಾಡುತ್ತದೆ. ಮಾತ್ರೆ ಹಿಡಿದಿರುವಾಗ ಆ ಸೂಜಿ ಕೊಟ್ಟರೆ ಇನ್ಸುಲಿನ್ ಜಾಸ್ತಿ ಆಗಬಹುದು. ಉಪವಾಸ ಮಾಡಿದವರ ಲಿವರ್‌ನಲ್ಲಿ ಹೊರಗೆ ಹಾಕಲು ಸಕ್ಕರೆಯೂ ಹೆಚ್ಚು ಉಳಿದಿರುವುದಿಲ್ಲ.

ಸಾವಿತ್ರಿ, ಅಂಕೋಲಾ: ನನ್ನ ತಮ್ಮ ಇನ್ಸುಲಿನ್ ಚುಚ್ಚಿಕೊಳ್ಳುತ್ತಾನೆ, ತಿಂಗಳಿಗೊಮ್ಮೆ ಲೋ ಆಗ್ತದೆ. ಹಾಗಿದ್ದರೆ ಈ ಸೂಜಿ ಮನೆಯಲ್ಲಿ ಇಟ್ಟುಕೊಳ್ಳಲಾ?

ಡಾಕ್ಟರ್: ಬೇಡ. ದಯವಿಟ್ಟು ಬೇಡ. ಅವರ ಮೈಯ ಇನ್ಸುಲಿನ್ ಹೊರಗಿನಿಂದ ಬಂದದ್ದು, ಬೀಟಾ ಕೋಶವನ್ನು ಹಿಡಿದರೆ ಅದು ನಿಲ್ಲುವುದಿಲ್ಲ. ಈ ಸೂಜಿ ಆಲ್ಫಾ ಕೋಶವನ್ನೂ ಹಿಡಿಯುತ್ತದೆ, ಉಳಿದಿದ್ದ ಗ್ಲುಕಗಾನ್ ಕೂಡ ಹೋಗುತ್ತದೆ. ಶ್ರೀಪಾದರ ಅಪ್ಪಯ್ಯನಿಗೂ ಇದೇ ಕಾರಣಕ್ಕೆ ಸೂಜಿ ಕೊಟ್ಟ ಮೇಲೂ ಗ್ಲುಕೋಸ್ ಡ್ರಿಪ್ ತೆಗೆದಿರಲಿಕ್ಕಿಲ್ಲ. ತಮ್ಮನಿಗೆ ಎಚ್ಚರ ಇದ್ದರೆ ಸಕ್ಕರೆ ನೀರು ಕುಡಿಸಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಗಣಪತಿ, ಸಿರ್ಸಿ: ಫಾರ್ವರ್ಡ್ ಬಂದಿದೆ: ಇನ್ಸುಲಿನ್ ಗಿಡದ ಎರಡು ಎಲೆ ದಿನಾ ಅಗಿದರೆ 40 ದಿನಕ್ಕೆ ಬೀಟಾ ಕೋಶ ಹೊಸದಾಗಿ ಹುಟ್ಟುತ್ತದಂತೆ. ನಮ್ಮ ತೋಟದಲ್ಲಿ ಗಿಡ ಇದೆ.

ಡಾಕ್ಟರ್: ಹುಟ್ಟುವುದಿಲ್ಲ. ಎಲೆಯಲ್ಲಿ ಇನ್ಸುಲಿನ್ ಇಲ್ಲ. ಇದ್ದರೂ ಹೊಟ್ಟೆಯಲ್ಲಿ ಜೀರ್ಣ ಆಗುತ್ತಿತ್ತು. ಮಾತ್ರೆಯ ಜೊತೆ ಎಲೆ, ಕಷಾಯ ಅಂತ ಏನೇನೋ ಸೇರಿಸಿ ಊಟ ಬಿಟ್ಟವರನ್ನು ನಾನು ವಾರ್ಡ್‌ನಲ್ಲಿ ನೋಡುತ್ತೇನೆ. ಈ ಸಂದೇಶ ಇನ್ನೊಂದು ಗುಂಪಿಗೆ ಕಳಿಸಬೇಡಿ.

ಮಂಜುನಾಥ, ಯಲ್ಲಾಪುರ: ಗಣಪತಣ್ಣ, ಇಲ್ಲಿ ಒಬ್ಬರ ಅಪ್ಪಯ್ಯ ಸಾಯುವುದು ತಪ್ಪಿದೆ. ಎಲೆ ಪುರಾಣ ಬೇಕಿತ್ತಾ?

ಗಣಪತಿ, ಸಿರ್ಸಿ: ನನ್ನ ಅತ್ತೆಗೆ ಕಡಿಮೆ ಆಗಿದೆ ಮಾರಾಯ, ಸುಳ್ಳಾ ಹಾಗಾದರೆ? ನೀನು ಮಾತ್ರೆ ಮಾರುವವನು, ಎಲೆ ಹಿಡಿಸುವುದಿಲ್ಲ.

ಮಂಜುನಾಥ, ಯಲ್ಲಾಪುರ: ಅತ್ತೆ ಮಾತ್ರೆ ನಿಲ್ಲಿಸಿದ್ದಾರಾ? ಅದನ್ನು ಹೇಳು ಮೊದಲು.

ಗಣಪತಿ, ಸಿರ್ಸಿ: ಇಲ್ಲ. ಎರಡೂ ತಗೊಳ್ತಾರೆ.

ಮಂಜುನಾಥ, ಯಲ್ಲಾಪುರ: ಮತ್ತೆ? ಯಾವುದರಿಂದ ಕಡಿಮೆ ಆಯ್ತು ಅಂತ ಹೇಗೆ ಗೊತ್ತು?

ರೇಷ್ಮಾ, ಕಾರವಾರ: ಜಗಳ ಬೇರೆ ಕಡೆ ಮಾಡಿ. ಡಾಕ್ಟ್ರೇ, ನನ್ನ ಮಗಳಿಗೆ 11, ಟೈಪ್ 1. ಶುಗರ್ ಲೋ ಆದಾಗ ಅವಳ ಗ್ಲುಕಗಾನ್ ಏರುವುದಿಲ್ಲ ಅಂದರು. ಇದಕ್ಕೂ ಡೆಲ್ಟಾ ಕೋಶ ಕಾರಣವಾ?

ಡಾಕ್ಟರ್: ನಾನು ಯಾವಾಗಲೂ ಯೋಚಿಸುವ ಪ್ರಶ್ನೆ ಇದು. ಆಲ್ಫಾ ಕೋಶಗಳು ಇನ್ನೂ ಇರುತ್ತವೆ, ಆದರೆ ಶುಗರ್ ಇಳಿದಾಗ ಎದ್ದು ಬರುವುದಿಲ್ಲ. ಪಕ್ಕದ ಬೀಟಾ ಹೋದ ಮೇಲೆ ದ್ವೀಪದ ಒಳಮಾತು ಕೆಡುತ್ತದೆ. ಮಧುಮೇಹ ಬರಿಸಿದ ಇಲಿಗಳಲ್ಲಿ ಸೊಮ್ಯಾಟೊಸ್ಟಾಟಿನ್ ಬಂದು ಅಂಟುವ ಎರಡನೇ ಬಗೆಯ ಗ್ರಾಹಕವನ್ನು ತಡೆದಾಗ ಗ್ಲುಕಗಾನ್ ಮತ್ತೆ ಏರಿತು. ಅಂದರೆ ಡೆಲ್ಟಾದ ಕೈ ಇರಬಹುದು. ಆದರೆ ಅದೊಂದೇ ಕಾರಣ ಅಂತ ಹೇಳುವ ಹಾಗಿಲ್ಲ, ನರಗಳ ಪಾತ್ರವೂ ಇದೆ. ಇಲಿಯ ದ್ವೀಪದಲ್ಲಿ ಬೀಟಾ ನಡುವೆ, ಉಳಿದವು ಸುತ್ತ. ನಮ್ಮದರಲ್ಲಿ ಹೆಚ್ಚು ಬೆರಕೆ. ಇಲಿಯಲ್ಲಿ ಕಂಡದ್ದು ಮಗಳಿಗೆ ಹಾಗೇ ಹೊಂದುತ್ತದೆ ಅಂತ ನಾನು ಹೇಳಲಾರೆ. ಮಲಗುವ ಮುಂಚೆ ಎಷ್ಟು ಇರುತ್ತದೆ ಅಂತ ಒಂದು ವಾರ ಬರೆದಿಡಿ.

ವಿನಯಾ, ಹೊನ್ನಾವರ: ನನಗೆ ಗರ್ಭಿಣಿಯಲ್ಲಿ ಶುಗರ್ ಬಂದಿತ್ತು, ಈಗ ಮಗುವಿಗೆ ಎರಡು ವರ್ಷ. ಮತ್ತೆ ಟೆಸ್ಟ್ ಬೇಕಾ?

ಗಣಪತಿ, ಸಿರ್ಸಿ: ಎಲೆ ಬೇಡ ಅಂದರೆ ಹಾಗಲಕಾಯಿ ರಸ ಆಗ್ತದಾ?

ಡಾಕ್ಟರ್: ಮೇಲೆ ಓದಿ.

ಗಣಪತಿ, ಸಿರ್ಸಿ: ಒಂದು ಮಾತು ಕೇಳಿದರೆ ಇಷ್ಟಾ?

ಶ್ರೀಪಾದ, ಕುಮಟಾ: ಡಾಕ್ಟ್ರೇ, ಕೊನೆಯ ಸೂಜಿ ಆಗಿ ಎಂಟು ತಾಸಿಗೆ ಮನೆಗೆ ಕಳಿಸಿದರು. ಈಗ 118 ಇದೆ. ಅಪ್ಪಯ್ಯ ಮಾತ್ರೆ ಡಬ್ಬಿ ದೇವರ ಕೋಣೆಯಲ್ಲಿ ಇಟ್ಟಿದ್ದಾರೆ, ನಾಳೆಯಿಂದ ಶುರು ಮಾಡ್ತೇನೆ ಅಂತಾರೆ.

ಡಾಕ್ಟರ್: ಬೇಗ ಕಳಿಸಿದ್ದಾರೆ. ಆ ಡಬ್ಬಿ ಈಗಲೇ ತೆಗೆದು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ರಾತ್ರಿ ಹತ್ತು, ಒಂದು, ನಾಲ್ಕಕ್ಕೆ ಎಬ್ಬಿಸಿ ಶುಗರ್ ನೋಡಿ. 70ಕ್ಕಿಂತ ಕಡಿಮೆ ಬಂದರೆ ಸಕ್ಕರೆ ನೀರು ಕುಡಿಸಿ ನೇರ ಆಸ್ಪತ್ರೆಗೆ ಬನ್ನಿ, ಏರಿತು ಅಂತ ಮನೆಯಲ್ಲಿ ಉಳಿಯಬೇಡಿ. ಇನ್ನು ಅವರಿಗೆ ಗ್ಲಿಬೆನ್‌ಕ್ಲಮೈಡ್ ಬೇಡ. ಯಾವ ಮಾತ್ರೆ ಅನ್ನುವುದನ್ನು ಕ್ರಿಯಾಟಿನಿನ್ ರಿಪೋರ್ಟ್ ನೋಡಿ ನಾಳೆ ಬೆಳಗ್ಗೆ ಹೇಳುತ್ತೇನೆ. ಹತ್ತು ಗಂಟೆಯ ಓದು ಬಂದ ಕೂಡಲೇ ಇಲ್ಲೇ ಹಾಕಿ.

ಶ್ರೀಪಾದ, ಕುಮಟಾ: 10.05ಕ್ಕೆ 96.

ಡಾಕ್ಟರ್: ಒಂದು ಲೋಟ ಹಾಲು, ಎರಡು ಬಿಸ್ಕೆಟ್ ಕೊಡಿ. ಒಂದು ಗಂಟೆಗೆ ಮತ್ತೆ ನೋಡಿ.