ಸಹಾಯ ಬೇಕು: ರವಿಕೆ ಬದಲಿಸಿದರೆ ಸೆರಗೂ ಬದಲಾಗುತ್ತಿದೆ

ಇಳಕಲ್ ಸೀರೆ ಮಾರುತ್ತೇನೆ. ಒಂದೇ ಫೋಟೋಗೆ ಎಐಯಲ್ಲಿ ಬೇರೆ ಬೇರೆ ರವಿಕೆ ತೊಡಿಸಿ ತೋರಿಸಲು ಈ ಪ್ರಾಂಪ್ಟ್ ನಮೂನೆ ಇಟ್ಟುಕೊಂಡಿದ್ದೇನೆ, ಪ್ರತಿ ಸಲ ಖಾಲಿ ಜಾಗ ತುಂಬುವುದಷ್ಟೇ:

```
____ ಮಾತ್ರ ಬದಲಿಸು.
ಬಟ್ಟೆ: ____  ಬಣ್ಣ: ____  ಅಳತೆ: ____
ಹಾಗೆಯೇ ಉಳಿಯಬೇಕು: ____
```

ಈ ಸಲ ತುಂಬಿದ್ದು: ರವಿಕೆ; ಸಣ್ಣ ಬುಟ್ಟಾದ ಖಣ, ಮಂದ ಹೊಳಪು; ಕಡು ಹಸಿರು; ಮೊಣಕೈವರೆಗೆ ತೋಳು, ಮೈಗೊಪ್ಪುವಂತೆ; ಮುಖ, ಕೈ, ಸೀರೆ, ಹಿನ್ನೆಲೆ.

ರವಿಕೆ ಚೆನ್ನಾಗೇ ಬಂತು. ಆದರೆ ಸೆರಗಿನ ಬಿಳಿ ತೆನೆ ಕರಗಿ ಏನೋ ಹೂವಾಯಿತು! ‘ಸೀರೆ’ ಎನ್ನುವ ಬದಲು ‘ಕೆಂಪು ಸೆರಗಿನ ಬಿಳಿ ತೆನೆ, ಅಂಚಿನ ಗೆರೆ, ನೆರಿಗೆ’ ಎಂದು ಬಿಡಿಸಿ ಬರೆದಾಗ ಬಹುಪಾಲು ಉಳಿಯಿತು. ಭುಜದ ಮಡಿಕೆಯಲ್ಲಿ ಮಾತ್ರ ಇನ್ನೂ ಕೆಡುತ್ತಿದೆ. ಇಲ್ಲದ ನೇಯ್ಗೆಯನ್ನು ಗಿರಾಕಿಗೆ ತೋರಿಸುವಂತಿಲ್ಲವಲ್ಲ.

ಕೊನೆಯ ಸಾಲಿನಲ್ಲಿ ಇನ್ನೇನು ಸೇರಿಸಬೇಕು? ಅಥವಾ ರವಿಕೆಯ ಭಾಗವನ್ನಷ್ಟೇ ಗುರುತು ಮಾಡಿ ಕೊಡುವುದೇ ದಾರಿಯೇ? ಮಾಡಿ ನೋಡಿದವರು ತಿಳಿಸಿ.