ಪದಚರ್ಚೆ: ‘ಡಿಅಕ್ಸೆಷನ್’ಗೆ ಕನ್ನಡದಲ್ಲಿ ಏನನ್ನೋಣ?

ಸುಮಾ: ಮ್ಯೂಸಿಯಂ ತನ್ನ ಸಂಗ್ರಹದ ಕೃತಿಯನ್ನು ಕೈಬಿಡುವುದಕ್ಕೆ ಡಿಅಕ್ಸೆಷನ್ ಅನ್ನುತ್ತಾರೆ. ಲೇಖನವೊಂದಕ್ಕೆ ಕನ್ನಡ ಪದ ಬೇಕು. ‘ಮಾರಾಟ’ ಅಂದರೆ ಸಾಕಾ?

ಗಿರೀಶ್: ‘ವಿಲೇವಾರಿ’ ಇದೆಯಲ್ಲ. ಮಾರಿದರೂ ಕೊಟ್ಟರೂ ಹೊಂದುತ್ತದೆ.

ನಳಿನಿ: ನಮ್ಮ ಮನೆಯ ಹಳೇ ಕಸೂತಿ ಶಾಲನ್ನು ಒಂದು ಮ್ಯೂಸಿಯಂಗೆ ಕೊಟ್ಟಿದ್ದೆವು. ಕೆಲವು ತಿಂಗಳು ಪ್ರದರ್ಶನಕ್ಕೆ ಇಟ್ಟು ಒಳಗೆ ಹಾಕಿದರು. ಇದೂ ಅದೇ ಅಲ್ವಾ? ಕೊಟ್ಟವರಿಗೆ ಬೇಜಾರಾಗುತ್ತದೆ.

ವಸಂತ: ನಳಿನಿಯವರೇ, ಅದು ಬೇರೆ. ನಿಮ್ಮ ಶಾಲು ಇನ್ನೂ ಮ್ಯೂಸಿಯಂನದೇ, ದಾಖಲೆಯಲ್ಲಿ ಅದರ ನಂಬರ್ ಹಾಗೇ ಇರುತ್ತದೆ. ಬಟ್ಟೆ, ಕಾಗದಗಳ ಬಣ್ಣವನ್ನು ಬೆಳಕು ತಿನ್ನುತ್ತದೆ. ಒಮ್ಮೆ ಮಾಸಿದ್ದು ವಾಪಸ್ ಬರುವುದಿಲ್ಲ. ಅದಕ್ಕೇ ಸುಮಾರು 50 ಲಕ್ಸ್‌ನ ಮಂದ ಬೆಳಕಿನಲ್ಲಿ ಕೆಲವು ತಿಂಗಳು ತೋರಿಸಿ, ಆಮೇಲೆ ಕತ್ತಲಲ್ಲಿ ಇಡುತ್ತಾರೆ. ನೋಡುವವರಿಗೆ ಬಚ್ಚಿಟ್ಟ ಹಾಗೆ ಕಾಣುತ್ತದೆ, ಆದರೆ ಶಾಲು ಉಳಿಯುವುದೇ ಹಾಗೆ. ಅದನ್ನು ಯಾಕೆ ಒಳಗಿಟ್ಟರು ಅಂತ ನಿಮಗೆ ಹೇಳಬೇಕಿತ್ತು, ಅದಂತೂ ನಿಜ.

ಗಿರೀಶ್, ವಿಲೇವಾರಿ ಎರಡನೇ ಹೆಜ್ಜೆ. ಮೊದಲು ಸಂಗ್ರಹ ನೋಡಿಕೊಳ್ಳುವ ಕ್ಯುರೇಟರ್ ಕಾರಣ ಬರೆದು ಕೊಡಬೇಕು. ದಾನ ಕೊಟ್ಟವರು ಹಾಕಿದ ಷರತ್ತು ನೋಡಬೇಕು. ಆಡಳಿತ ಮಂಡಳಿ ಒಪ್ಪಬೇಕು. ಆಗ ದಾಖಲೆಯಲ್ಲಿ ‘ಕೈಬಿಡಲಾಗಿದೆ’ ಅಂತ ಗುರುತು ಹಾಕುತ್ತಾರೆ, ಹಳೇ ನಮೂದನ್ನು ಅಳಿಸುವುದಿಲ್ಲ. ಮಾರುವುದೋ, ಬೇರೆ ಮ್ಯೂಸಿಯಂಗೆ ಕೊಡುವುದೋ ಅನ್ನುವುದು ಆಮೇಲಿನ ಮಾತು.

ಜನ ಸಿಟ್ಟಾಗುವುದು ಹೆಚ್ಚಾಗಿ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ. ಅಮೆರಿಕದ ಬರ್ಕ್‌ಷೈರ್ ಮ್ಯೂಸಿಯಂ 2017ರಲ್ಲಿ 40 ಕೃತಿ ಮಾರಲು ಹೊರಟಿತು. ಚಿತ್ರಕಾರ ನಾರ್ಮನ್ ರಾಕ್‌ವೆಲ್ ಅವರೇ ಕೈಯಾರೆ ಕೊಟ್ಟ ‘ಶಫಲ್‌ಟನ್ಸ್ ಬಾರ್ಬರ್‌ಶಾಪ್’ ಕೂಡ ಪಟ್ಟಿಯಲ್ಲಿತ್ತು. ಕತ್ತಲಾದ ಕ್ಷೌರದಂಗಡಿ, ಹಿಂದಿನ ಕೋಣೆಯಲ್ಲಿ ದೀಪದಡಿ ವಾದ್ಯ ನುಡಿಸುವ ಮೂವರು: ಅದು ಆ ಚಿತ್ರ. ಬಂದ ಹಣದಿಂದ ಕಟ್ಟಡ ನವೀಕರಿಸಿ, ಮೂಲನಿಧಿ ಬೆಳೆಸುವ ಯೋಜನೆ ಅವರದು. ಅಲ್ಲಿನ ಕಲಾ ಮ್ಯೂಸಿಯಂ ನಿರ್ದೇಶಕರ ಸಂಘದ ಆಗಿನ ನಿಯಮವೇ ಬೇರೆ: ಕೃತಿ ಮಾರಿ ಬಂದ ಹಣದಲ್ಲಿ ಕೃತಿಯನ್ನೇ ಕೊಳ್ಳಬೇಕು. ರಾಕ್‌ವೆಲ್ ಮಕ್ಕಳು ಕೋರ್ಟಿಗೆ ಹೋದರು. 2018ರಲ್ಲಿ ಕೋರ್ಟು ಗರಿಷ್ಠ 5.5 ಕೋಟಿ ಡಾಲರ್‌ವರೆಗೆ ಮಾರಲು ಬಿಟ್ಟಿತು. ಬಾರ್ಬರ್‌ಶಾಪ್ ಚಿತ್ರವನ್ನು ಲೂಕಸ್ ಮ್ಯೂಸಿಯಂ ಕೊಂಡಿತು. ಆ ಸಂಘ ತನ್ನ ಸದಸ್ಯರಿಗೆ, ಬರ್ಕ್‌ಷೈರ್‌ಗೆ ಕೃತಿಗಳನ್ನು ಎರವಲು ಕೊಡಬೇಡಿ ಅಂದಿತು.

ಗಿರೀಶ್: ಕೋರ್ಟೇ ಒಪ್ಪಿದ ಮೇಲೆ ತಪ್ಪೇನು? ದುಡ್ಡಿಲ್ಲದೆ ಮ್ಯೂಸಿಯಂ ಬಾಗಿಲು ಮುಚ್ಚುವುದಕ್ಕಿಂತ ವಾಸಿ ಅಲ್ವಾ?

ವಸಂತ: ಕಾನೂನು ಬಿಟ್ಟಿತು, ಸರಿ. ಆದರೆ ಊರಿಗೆಂದು ಕೊಟ್ಟದ್ದನ್ನು ಮಾರಿದರೆ, ನಾಳೆ ಕೊಡಲು ಬರುವವರು ಯೋಚಿಸುತ್ತಾರೆ. ನನಗೆ ಅದು ಕಟ್ಟಡಕ್ಕಿಂತ ದೊಡ್ಡ ನಷ್ಟ.

ಸುಮಾ: ಹಾಗಾದರೆ ಡಿಅಕ್ಸೆಷನ್‌ಗೆ ‘ಸಂಗ್ರಹದಿಂದ ಕೈಬಿಡುವಿಕೆ’, ಆಮೇಲಿನದಕ್ಕೆ ‘ವಿಲೇವಾರಿ’, ನಳಿನಿಯವರ ಶಾಲಿಗೆ ‘ಕಾಪಿಡುವುದು’ ಅಂತ ಬರೆಯುತ್ತೇನೆ. ಮೊದಲನೆಯದು ಉದ್ದವಾಯಿತು. ಇನ್ನೂ ಚಿಕ್ಕದು ಯಾರಿಗಾದರೂ ಹೊಳೆದರೆ ತಿಳಿಸಿ.